ತಾಯಿಪತ್ರವೂ ಎರಡನೆಯ ಬೀಗವೂ

ತಾಂಬರಂನ ಸೇಲೈಯೂರಿನಲ್ಲಿ ನಾವು ಮನೆ ಕೊಳ್ಳಲು ಹೊರಟಾಗ ನಮ್ಮ ಪರವಾಗಿ ಕಾಗದಪತ್ರ ನೋಡಿದ ವಕೀಲರು ಮೊದಲು ಕೇಳಿದ್ದು ಮಾರುವವರ ಹೆಸರನ್ನಲ್ಲ, ಬೆಲೆಯನ್ನೂ ಅಲ್ಲ. "ತಾಯ್ ಪತ್ತಿರಂ ಇದೆಯೆ?" ಎಂದರು. ಆ ಜಾಗವು ಮೊದಲು ಯಾರಿಂದ ಯಾರಿಗೆ ಬಂತು ಎಂಬುದನ್ನು ಹೇಳುವ ಹಳೆಯ ಕ್ರಯಪತ್ರಕ್ಕೆ ಇಲ್ಲಿನವರು ಇಟ್ಟ ಹೆಸರು ಅದು. ನಮ್ಮೂರಿನಲ್ಲಿ ಮೂಲಪತ್ರ ಎನ್ನುವುದನ್ನು ತಮಿಳರು ತಾಯಿ ಎಂದು ಕರೆಯುತ್ತಾರಲ್ಲ ಎಂದು ಅಂದು ಮೆಚ್ಚಿಕೊಂಡು ಮರೆತಿದ್ದೆವು. ಕಳೆದ ವರ್ಷ ಮಗನ ಆಟದ ಖಾತೆ ಕಳುವಾದಾಗ ಆ ಮಾತು ಮತ್ತೆ ನೆನಪಾಯಿತು.

ಆಟದ ಖಾತೆ ಎಂದರೆ ಇಲ್ಲಿ ಸ್ಟೀಮ್. ವಾಲ್ವ್ ಎಂಬ ಅಮೆರಿಕದ ಕಂಪನಿ 2003ರಿಂದ ನಡೆಸುತ್ತಿರುವ, ಕಂಪ್ಯೂಟರ್ ಆಟಗಳನ್ನು ಮಾರುವ ಅಂಗಡಿ ಅದು. ಕೊಂಡ ಆಟಗಳೆಲ್ಲ ಒಂದು ಖಾತೆಯಲ್ಲಿ ಜಮೆಯಾಗಿರುತ್ತವೆ. ಕೌಂಟರ್‌ಸ್ಟ್ರೈಕ್‌ನಂಥ ಆಟದಲ್ಲಿ ಬಂದೂಕಿಗೆ ಬಳಿಯುವ ಬಣ್ಣ, ಚಾಕುವಿನ ವಿನ್ಯಾಸ ಮುಂತಾದ 'ಸ್ಕಿನ್'ಗಳೂ ಅಲ್ಲಿಯೇ ಇರುತ್ತವೆ. ಅವುಗಳಿಗೆ ನಿಜವಾದ ಬೆಲೆಯುಂಟು. ಕೊಳ್ಳುವವರಿದ್ದಾರೆ, ಆದ್ದರಿಂದ ಕದಿಯುವವರೂ ಇದ್ದಾರೆ.

ಹನ್ನೊಂದನೆಯ ತರಗತಿಯಲ್ಲಿ ಓದುವ ನಮ್ಮ ಮಗ ಈ ಆಟವನ್ನು ಆಡುವುದು ಶಿವಮೊಗ್ಗದಲ್ಲಿರುವ ನಮ್ಮ ಅಕ್ಕನ ಮಗನ ಜೊತೆ, ಮತ್ತು ಅವನ ಗೆಳೆಯರ ಜೊತೆ. ಇಲ್ಲಿ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಅವನು ಒಂದು ಪದದ ಉತ್ತರ ಕೊಟ್ಟು ಕೋಣೆ ಸೇರುತ್ತಾನೆ. ಆದರೆ ಶನಿವಾರ ರಾತ್ರಿ ಆ ಕೋಣೆಯ ಬಾಗಿಲಿನಾಚೆ ಹೆಡ್‌ಫೋನು ಹಾಕಿಕೊಂಡು "ಲೋ, ಹಿಂದೆ ನೋಡ್ಕೊಳೋ, ಮೆಟ್ಲ ಹತ್ರ ಇದಾನೆ" ಎಂದು ಅವನು ಕೂಗುವುದು ಮಲೆನಾಡಿನ ಕನ್ನಡದಲ್ಲಿ. ನಾವು ಕಲಿಸಲಾರದೆ ಹೋದದ್ದನ್ನು ಆಟ ಕಲಿಸಿತು ಎಂದು ಒಪ್ಪಿಕೊಳ್ಳಲು ಇಂಗ್ಲಿಷ್ ಎಂ.ಎ. ಮಾಡಿದ ನಮಗೆ ಸ್ವಲ್ಪ ಮುಜುಗರವೇ ಆಯಿತು. ಹೀಗಾಗಿ ಆ ಖಾತೆ ಹೋದಾಗ ಹೋದದ್ದು ಬರಿಯ ಆಟವಲ್ಲ ಎಂದು ನಮಗೆ ಅರ್ಥವಾಗಿತ್ತು.

ಒಂದು ಶುಕ್ರವಾರ ರಾತ್ರಿ ಅವನಿಗೆ ಪರಿಚಿತ ಗೆಳೆಯನಿಂದ ಸಂದೇಶ ಬಂತು. ತನ್ನ ತಂಡ ಒಂದು ಪಂದ್ಯಾವಳಿಯಲ್ಲಿದೆ, ಈ ಕೊಂಡಿ ಒತ್ತಿ ಒಂದು ಓಟು ಹಾಕು ಎಂದು. ಪುಟ ತೆರೆಯಿತು. ಓಟು ಹಾಕಲು ಸ್ಟೀಮ್ ಮೂಲಕ ಒಳಬರಬೇಕು ಎಂದಿತು. ಒತ್ತಿದಾಗ ಒಂದು ಪುಟ್ಟ ಕಿಟಕಿ ಮೂಡಿತು. ಅದರ ನೆತ್ತಿಯ ಮೇಲೆ steamcommunity.com ಎಂಬ ವಿಳಾಸವೂ ಬೀಗದ ಚಿಹ್ನೆಯೂ ಇದ್ದವು. ಅವನು ಹೆಸರು, ಪಾಸ್‌ವರ್ಡ್ ಬರೆದ. ಈಮೇಲಿಗೆ ಐದಕ್ಷರದ ಸಂಕೇತವೊಂದು ಬಂತು. ಅದನ್ನೂ ಬರೆದ. "ಓಟು ದಾಖಲಾಗಿದೆ" ಎಂದಿತು ಪುಟ. ಅವನು ಮಲಗಿದ.

ಬೆಳಿಗ್ಗೆ ಖಾತೆ ತೆರೆಯಲಿಲ್ಲ. ನಮಗೆ ಹೇಳಿದ್ದು ಭಾನುವಾರ ಸಂಜೆ. ಆಟವೆಂದರೆ ಕಾಲಹರಣ ಎಂದು ನಾವು ಅಷ್ಟು ಸಲ ಹೇಳಿದ ಮೇಲೆ ಅವನು ಯಾವ ಬಾಯಿಂದ ಬಂದು ಹೇಳಬೇಕಿತ್ತು? ಆ ಎರಡು ದಿನ ನಮ್ಮ ಲೆಕ್ಕದಲ್ಲಿ ಬರೆದುಕೊಳ್ಳಬೇಕಾದ ನಷ್ಟ. ಅಷ್ಟರಲ್ಲಿ ಅವನ ಹೆಸರಿನಿಂದ ಅವನ ಗೆಳೆಯರೆಲ್ಲರಿಗೂ ಅದೇ ಓಟಿನ ಕೊಂಡಿ ಹೋಗಿತ್ತು. ಅವನಿಗೆ ಕೊಂಡಿ ಕಳಿಸಿದ ಗೆಳೆಯನೂ ಅದನ್ನು ಕಳಿಸಿರಲಿಲ್ಲ. ಆ ಹುಡುಗನ ಖಾತೆಯನ್ನು ಅದಾಗಲೇ ಯಾರೋ ಹಿಡಿದಿದ್ದರು. ಬಿತ್ತನೆಯ ಬೀಜ ಹಿಂದಿನ ಬೆಳೆಯಿಂದಲೇ ಬರುವಂತೆ ಪ್ರತಿ ಕಳುವೂ ಮುಂದಿನ ಕಳುವಿಗೆ ನಂಬಿಕೆಯನ್ನು ಒದಗಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಅವನ ಖಾತೆಗೆ ಎರಡನೆಯ ಬೀಗ ಇತ್ತಲ್ಲವೆ? ಈಮೇಲಿಗೆ ಸಂಕೇತ ಬಂದಿತ್ತಲ್ಲವೆ? ಇತ್ತು. ಸ್ಟೀಮ್ 2011ರಿಂದಲೇ 'ಸ್ಟೀಮ್ ಗಾರ್ಡ್' ಎಂಬ ಹೆಸರಿನಲ್ಲಿ ಹೊಸ ಯಂತ್ರದಿಂದ ಒಳಬರುವವರಿಗೆ ಈಮೇಲ್ ಸಂಕೇತ ಕೇಳುತ್ತದೆ. ಇಂಥ ಎರಡು ಹಂತದ ಪ್ರವೇಶ ನಮಗೆ ಹೊಸತೂ ಅಲ್ಲ. ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿದಂದಿನಿಂದ ಓಟಿಪಿ ಎಂಬುದು ಮನೆಮಾತು. ಆದರೆ ಆ ಅಭ್ಯಾಸವೇ ಒಂದು ತಪ್ಪು ಪಾಠವನ್ನೂ ಕಲಿಸಿತೆಂದು ತೋರುತ್ತದೆ. ಸಂಕೇತ ಬಂತೆಂದರೆ ಎದುರಿಗಿರುವುದು ಅಸಲಿ ಬಾಗಿಲು ಎಂದು ನಾವು ತಿಳಿಯುತ್ತೇವೆ. ಸಂಕೇತವು ನಾವು ಯಾರೆಂದು ಬಾಗಿಲಿಗೆ ಹೇಳುತ್ತದೆಯೇ ಹೊರತು ಬಾಗಿಲು ಯಾರದೆಂದು ನಮಗೆ ಹೇಳುವುದಿಲ್ಲ.

ನಡೆದದ್ದು ಇಷ್ಟು. ಮಗ ನಕಲಿ ಪುಟದಲ್ಲಿ ಬರೆದ ಪ್ರತಿ ಅಕ್ಷರವನ್ನೂ ಕಳ್ಳನ ಯಂತ್ರ ಅದೇ ಕ್ಷಣದಲ್ಲಿ ಅಸಲಿ ಸ್ಟೀಮಿಗೆ ಒಪ್ಪಿಸುತ್ತಿತ್ತು. ಅಸಲಿ ಸ್ಟೀಮ್ ಸಂಕೇತ ಕಳಿಸಿತು, ಮಗ ಅದನ್ನು ನಕಲಿಗೆ ಕೊಟ್ಟ, ನಕಲಿ ಅದನ್ನು ಅಸಲಿಗೆ ದಾಟಿಸಿತು. ಇದು ನಡುವೆ ನಿಂತ ದಲ್ಲಾಳಿಯ ಕೆಲಸ. ಹಾಗಾದರೆ ಆ ಕಿಟಕಿಯ ನೆತ್ತಿಯಲ್ಲಿ ಅಸಲಿ ವಿಳಾಸ ಹೇಗೆ ಬಂತು? ಅದು ಕಿಟಕಿಯೇ ಅಲ್ಲ. ಪುಟದೊಳಗೆ ಬರೆದ ಕಿಟಕಿಯ ಚಿತ್ರ. ಅದರ ಮೇಲಿನ ವಿಳಾಸವೂ ಬೀಗವೂ ಚಿತ್ರದ ಭಾಗ. ಪರೀಕ್ಷೆ ಬಹಳ ಸರಳ: ಅಂಥ ಕಿಟಕಿಯ ನೆತ್ತಿಯನ್ನು ಮೌಸಿನಿಂದ ಹಿಡಿದು ಬ್ರೌಸರಿನ ಅಂಚಿನಾಚೆಗೆ ಎಳೆಯಬೇಕು. ಅಸಲಿ ಕಿಟಕಿ ಬ್ರೌಸರನ್ನು ಬಿಟ್ಟು ಹೊರಗೆ ಬರುತ್ತದೆ. ಚಿತ್ರದ ಕಿಟಕಿ ಅಂಚಿಗೆ ಬಂದು ನಿಲ್ಲುತ್ತದೆ, ಗೋಡೆಗೆ ಬರೆದ ಬಾಗಿಲು ಗೋಡೆಯನ್ನು ದಾಟಲಾರದಂತೆ. ಇನ್ನೊಂದು ಗುರುತೂ ಉಂಟು. ಅದೇ ಬ್ರೌಸರಿನಲ್ಲಿ ನಾವೇ ವಿಳಾಸ ಬರೆದು ಸ್ಟೀಮಿಗೆ ಮೊದಲೇ ಒಳಬಂದಿದ್ದರೆ, ಬೇರೆ ತಾಣವೊಂದು ಸ್ಟೀಮ್ ಮೂಲಕ ನಮ್ಮನ್ನು ಗುರುತಿಸುವಾಗ ಪಾಸ್‌ವರ್ಡ್ ಕೇಳುವುದಿಲ್ಲ. ನಮ್ಮ ಹೆಸರನ್ನು ತೋರಿಸಿ ಒಂದು ಗುಂಡಿ ಒತ್ತಲು ಹೇಳುತ್ತದೆ, ಅಷ್ಟೆ. ಒಳಗಿರುವವನ ಹತ್ತಿರ ಮತ್ತೆ ಪಾಸ್‌ವರ್ಡ್ ಕೇಳಿದರೆ ಕೈ ಹಿಂದೆಗೆಯಬೇಕು.

ಮಗನದು ಇನ್ನೊಂದು ತಪ್ಪಿತ್ತು. ತಪ್ಪು ಅವನದೆನ್ನುವುದಕ್ಕಿಂತ ನಮ್ಮದು, ಏಕೆಂದರೆ ಆ ಖಾತೆಯನ್ನು 2019ರಲ್ಲಿ ತೆರೆದುಕೊಟ್ಟವರು ನಾವು. ಆಟದ ಖಾತೆಗೂ ಅದಕ್ಕೆ ಜೋಡಿಸಿದ ಈಮೇಲಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆವು, ಹುಡುಗ ಮರೆಯಬಾರದೆಂದು. ಆ ಈಮೇಲಿಗೆ ಎರಡನೆಯ ಬೀಗವೇ ಇರಲಿಲ್ಲ. ಕಳ್ಳ ಸ್ಟೀಮಿನಲ್ಲಿ ಸಿಕ್ಕಿದ ಪಾಸ್‌ವರ್ಡನ್ನು ಈಮೇಲಿಗೂ ಹಾಕಿ ನೋಡಿದ, ಅದೂ ತೆರೆಯಿತು. ಅಲ್ಲಿಗೆ ಖಾತೆಯ ಈಮೇಲ್ ವಿಳಾಸವನ್ನೇ ಬದಲಿಸಲು ಬೇಕಾದ ಸಂಕೇತವೂ ಅವನ ಕೈಸೇರಿತು. ಈಮೇಲ್ ಸಂಕೇತದ ಬಲ ಈಮೇಲಿನ ಬಲಕ್ಕಿಂತ ಹೆಚ್ಚಲ್ಲ. ಎರಡನೆಯ ಬೀಗದ ಕೀಲಿಯನ್ನು ಮೊದಲನೆಯ ಬೀಗದ ಕೀಲಿಯ ಗೊಂಚಲಿಗೇ ಪೋಣಿಸಿದ್ದೆವು.

ಭಾನುವಾರ ರಾತ್ರಿ ನಾವು ಕುಳಿತೆವು. ಮಗ ನೇರವಾಗಿ ಸ್ಟೀಮಿಗೆ ದೂರು ಕೊಡೋಣ ಎಂದ. ನಾವು ತಡೆದೆವು. ಕಚೇರಿಯಲ್ಲಿ ಕಡತ ನಾಪತ್ತೆಯಾದಾಗ ಮೊದಲು ಮಾಡುವುದು ಕಪಾಟಿನ ಕೀಲಿ ಯಾರ ಬಳಿ ಇದೆ ಎಂದು ನೋಡುವುದು. ಈಮೇಲ್ ಇನ್ನೂ ಕಳ್ಳನ ಕಣ್ಣಿನಲ್ಲಿದ್ದರೆ ಸ್ಟೀಮ್ ಕಳಿಸುವ ಪ್ರತಿ ಉತ್ತರವನ್ನೂ ಅವನೇ ಮೊದಲು ಓದುತ್ತಾನೆ. ಆದ್ದರಿಂದ ಮಗನ ಕಂಪ್ಯೂಟರನ್ನು ಬಿಟ್ಟು, ಅವನ ತಾಯಿಯ ಲ್ಯಾಪ್‌ಟಾಪಿನಿಂದ ಮೊದಲು ಈಮೇಲನ್ನು ಹಿಡಿದೆವು. ಅದೃಷ್ಟಕ್ಕೆ ಕಳ್ಳ ಅದರ ಪಾಸ್‌ವರ್ಡನ್ನು ಬದಲಿಸಿರಲಿಲ್ಲ. ಬದಲಿಸಿದ್ದರೆ ನಾವು ಎಚ್ಚರಗೊಳ್ಳುತ್ತಿದ್ದೆವು. ಅವನಿಗೆ ಬೇಕಾದದ್ದು ಸದ್ದಿಲ್ಲದ ವಾಸ. ಹೊಸ ಪಾಸ್‌ವರ್ಡ್ ಇಟ್ಟು, ಬೇರೆಲ್ಲ ಸಾಧನಗಳಿಂದ ಖಾತೆಯನ್ನು ಹೊರಹಾಕಿ, ಎರಡು ಹಂತದ ಪ್ರವೇಶವನ್ನು ಆನ್ ಮಾಡಿದೆವು.

ಅಲ್ಲಿಗೆ ಮುಗಿಯಲಿಲ್ಲ. ಒಳಪೆಟ್ಟಿಗೆಯಲ್ಲಿ ಸ್ಟೀಮಿನ ಒಂದು ಪತ್ರವೂ ಇರಲಿಲ್ಲ. ಇದು ವಿಚಿತ್ರ. ಖಾತೆಯ ವಿಳಾಸ ಬದಲಾದಾಗ ಹಳೆಯ ವಿಳಾಸಕ್ಕೆ ಎಚ್ಚರಿಕೆಯ ಪತ್ರ ಬರಲೇಬೇಕು. ಸೆಟ್ಟಿಂಗಿನಲ್ಲಿ ನಿಯಮಗಳ ಪಟ್ಟಿ ತೆರೆದು ನೋಡಿದರೆ, ಸ್ಟೀಮಿನಿಂದ ಬರುವ ಪತ್ರವನ್ನೆಲ್ಲ ನೇರವಾಗಿ ಕಸದ ಬುಟ್ಟಿಗೆ ಹಾಕು ಎಂಬ ನಿಯಮವೊಂದು ಕುಳಿತಿತ್ತು. ಪಾಸ್‌ವರ್ಡ್ ಬದಲಿಸಿದರೂ ಇಂಥ ನಿಯಮ ಉಳಿದೇ ಇರುತ್ತದೆ. ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಜಿಮೇಲ್ ಬಳಸುವವರು ಸೆಟ್ಟಿಂಗಿನಲ್ಲಿ Filters and Blocked Addresses ಎಂಬಲ್ಲಿಯೂ Forwarding and POP/IMAP ಎಂಬಲ್ಲಿಯೂ ಹುಡುಕಬೇಕು. ತಾವು ಬರೆಯದ ನಿಯಮವಾಗಲಿ, ತಮಗೆ ತಿಳಿಯದ ವಿಳಾಸಕ್ಕೆ ಪತ್ರ ರವಾನಿಸುವ ಏರ್ಪಾಡಾಗಲಿ ಇದ್ದರೆ ಅಳಿಸಬೇಕು. ಮರುಪಡೆಯುವ ಫೋನ್ ಸಂಖ್ಯೆ ತಮ್ಮದೇ ಎಂದೂ ನೋಡಿಕೊಳ್ಳಬೇಕು. ಈಮೇಲೇ ಕೈತಪ್ಪಿದವರಿಗೆ ಒಂದು ವಿಷಯ: ಕಳ್ಳ ಮರುಪಡೆಯುವ ಫೋನ್ ಅಥವಾ ಈಮೇಲ್ ಬದಲಿಸಿದರೂ ಗೂಗಲ್ 7 ದಿನಗಳವರೆಗೆ ಹಳೆಯದಕ್ಕೂ ಸಂಕೇತ ಕಳಿಸುವ ಅವಕಾಶ ಕೊಡಬಹುದು. ಎಂದಿನ ಮನೆ, ಎಂದಿನ ಯಂತ್ರ, ಎಂದಿನ ಬ್ರೌಸರಿನಿಂದ ಪ್ರಯತ್ನಿಸಿದರೆ ಕೆಲಸವಾಗುವ ಸಂಭವ ಹೆಚ್ಚು. ಹೆದರಿ ಸೈಬರ್ ಕೆಫೆಗೆ ಓಡುವುದು ತಪ್ಪುದಾರಿ.

ಕಸದ ಬುಟ್ಟಿಯಲ್ಲಿ ಸ್ಟೀಮಿನ ಪತ್ರಗಳೆಲ್ಲ ಸಿಕ್ಕವು. ಸಂಕೇತ ಕೇಳಿದ್ದು, ವಿಳಾಸ ಬದಲಾದದ್ದು, ಪಾಸ್‌ವರ್ಡ್ ಬದಲಾದದ್ದು, ಎಲ್ಲವೂ ಗಂಟೆ ನಿಮಿಷ ಸಹಿತ. ಕಳ್ಳತನವೆಲ್ಲ ಹತ್ತು ನಿಮಿಷದೊಳಗೆ ಮುಗಿದಿತ್ತು.

ಈಗ ಸ್ಟೀಮಿನ ಕಡೆಗೆ ತಿರುಗಿದೆವು. ವಿಳಾಸವನ್ನು ನಾವೇ ಅಕ್ಷರ ಅಕ್ಷರವಾಗಿ ಬರೆದೆವು: help.steampowered.com. ಒಳಗೆ ಬರಲಾಗದವರಿಗೆಂದೇ ಇರುವ ಭಾಗದಲ್ಲಿ "My Steam Account was stolen and I need help recovering it" ಎಂಬ ಸಾಲನ್ನು ಆರಿಸಿದೆವು. ಖಾತೆಯ ಹೆಸರು ಕೇಳಿತು. ಮಗ ಆಟದಲ್ಲಿ ಎಲ್ಲರಿಗೂ ಕಾಣುವ ತನ್ನ ಹೆಸರನ್ನು ಬರೆದ. ಅಂಥ ಖಾತೆ ಇಲ್ಲ ಎಂದಿತು. ಕಾಣುವ ಹೆಸರು ಬೇರೆ, ಒಳಬರಲು ಬಳಸುವ ಹೆಸರು ಬೇರೆ. ಮೊದಲನೆಯದನ್ನು ದಿನಕ್ಕೊಂದರಂತೆ ಬದಲಿಸಬಹುದು. ಕಳ್ಳ ಬದಲಿಸಿಯೂ ಇದ್ದ. ಎರಡನೆಯದು 2019ರಲ್ಲಿ ನಾವಿಟ್ಟದ್ದು, ಯಂತ್ರ ನೆನಪಿಟ್ಟುಕೊಂಡಿದ್ದರಿಂದ ಹುಡುಗ ಮರೆತಿದ್ದ. ಹಳೆಯ ಈಮೇಲುಗಳಲ್ಲಿ ಅದು ಸಿಕ್ಕಿತು. ಇವೆರಡಕ್ಕಿಂತ ಗಟ್ಟಿಯಾದದ್ದು ಇನ್ನೊಂದುಂಟು: ಪ್ರತಿ ಖಾತೆಗೂ 7656119 ಎಂದು ಆರಂಭವಾಗುವ 17 ಅಂಕಿಗಳ ಸಂಖ್ಯೆ. ಅದು ಎಂದೂ ಬದಲಾಗದು. ಶಿವಮೊಗ್ಗದ ಅಣ್ಣ ತನ್ನ ಗೆಳೆಯರ ಪಟ್ಟಿಯಲ್ಲಿ ಈಗ ಅಪರಿಚಿತ ಹೆಸರು ಹೊತ್ತಿದ್ದ ಮಗನ ಪುಟವನ್ನು ಹುಡುಕಿ ಆ ಸಂಖ್ಯೆಯನ್ನು ಕಳಿಸಿಕೊಟ್ಟ. ನಮ್ಮ ಸರ್ವೆ ನಂಬರಿನ ಹಾಗೆ. ಮನೆಯ ಹೆಸರಿನ ಫಲಕವನ್ನು ಯಾರು ಹೇಗೆ ಬದಲಿಸಿದರೂ ಜಾಗದ ನಂಬರು ಅದೇ.

ಮುಂದೆ ಬಂತು ತಾಯಿಪತ್ರದ ಪ್ರಶ್ನೆ. ಖಾತೆ ನಿಮ್ಮದೆಂದು ತೋರಿಸಿ ಎಂದರು. ಇಂದಿನ ಪಾಸ್‌ವರ್ಡ್ ಗೊತ್ತಿರುವುದು ಕಳ್ಳನಿಗೆ. ಇಂದಿನ ಈಮೇಲ್, ಇಂದಿನ ಫೋನ್ ಇರುವುದೂ ಕಳ್ಳನ ಬಳಿ. ವರ್ತಮಾನದ ಸಾಕ್ಷ್ಯವೆಲ್ಲ ಅವನ ಪಾಲಿಗಿದೆ. ಅವನ ಬಳಿ ಇಲ್ಲದ್ದು ಭೂತಕಾಲ ಮಾತ್ರ. ಆದ್ದರಿಂದ ಸ್ಟೀಮ್ ಕೇಳುವುದು ಹಳೆಯದನ್ನು: ಖಾತೆ ತೆರೆದಾಗ ಕೊಟ್ಟ ಈಮೇಲ್ ಯಾವುದು, ಖಾತೆಗೆ ಹಣ ಕಟ್ಟಿದ ವ್ಯವಹಾರದ ವಿವರವೇನು, ಅಂಗಡಿಯಲ್ಲಿ ಡಬ್ಬಿ ಅಥವಾ ಕಾರ್ಡು ಕೊಂಡಿದ್ದರೆ ಅದರ ಮೇಲೆ ಮುದ್ರಿಸಿದ ಸಂಖ್ಯೆ ಯಾವುದು. ಈಚಿನ ರಸೀದಿಗಳು ಕಳ್ಳನಿಗೂ ಕಂಡಿರಬಹುದು. ಹಳೆಯದಾದಷ್ಟೂ ಸಾಕ್ಷ್ಯಕ್ಕೆ ತೂಕ.

ನಮಗೆ ಒಂದು ಕೆಟ್ಟ ಅಭ್ಯಾಸವಿದೆ. ಮನೆಯವರ ಪ್ರಕಾರ ಕೆಟ್ಟದ್ದು. ಯಾವ ರಸೀದಿಯನ್ನೂ ಎಸೆಯುವುದಿಲ್ಲ. ಇಪ್ಪತ್ತು ವರ್ಷ ಸರಕಾರಿ ಕಡತಗಳ ನಡುವೆ ಇದ್ದವರಿಗೆ ಇದು ಬರುತ್ತದೆ. 2019ರಲ್ಲಿ ಮಗನ ಮೊದಲ ಆಟಕ್ಕೆ ನಮ್ಮ ಬ್ಯಾಂಕಿನಿಂದ ಹಣ ಹೋದ ದಿನದ ವಿವರಪಟ್ಟಿ ಇತ್ತು. ಅದೇ ದಿನ ಸ್ಟೀಮ್ ಕಳಿಸಿದ ರಸೀದಿಯನ್ನು ನಮ್ಮ ಈಮೇಲಿಗೂ ರವಾನಿಸಿಕೊಂಡಿದ್ದೆವು. ರಸೀದಿಯ ಸಂಖ್ಯೆ, ದಿನಾಂಕ, ಮೊತ್ತ, ಹಣ ಕಟ್ಟಿದ ಬಗೆ, ಮೊದಲ ಈಮೇಲ್ ವಿಳಾಸ, ಇವಿಷ್ಟನ್ನು ಆರು ಸಾಲಿನಲ್ಲಿ ಬರೆದೆವು. ಮಗ ತನ್ನ ಗೋಳನ್ನೆಲ್ಲ ಬರೆಯಬೇಕೆಂದ. ಬೇಡ ಎಂದೆವು. ಓದುವವನಿಗೆ ಬೇಕಾದದ್ದು ತಾಳೆ ನೋಡಲು ಆಧಾರ, ಕಣ್ಣೀರಲ್ಲ. ಕಾರ್ಡಿನ ಹಿಂಬದಿಯ ಮೂರಂಕಿ, ಪಿನ್, ಓಟಿಪಿ ಇವನ್ನು ಯಾರಿಗೂ ಬರೆಯಕೂಡದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒಂದೇ ವಿಷಯಕ್ಕೆ ನಾಲ್ಕು ಅರ್ಜಿ ಹಾಕುವ ಆಸೆಯನ್ನೂ ತಡೆದೆವು.

ಉತ್ತರ ಬರುವುದರೊಳಗೆ ಇನ್ನೊಬ್ಬರು ಬಂದರು. ಸೋಮವಾರ ಮಧ್ಯಾಹ್ನ ಡಿಸ್ಕಾರ್ಡಿನಲ್ಲಿ ಮಗನಿಗೆ ಸಂದೇಶ: ತಾವು ಸ್ಟೀಮಿನ ನೌಕರರು, ನಿಮ್ಮ ದೂರು ನಮ್ಮ ಬಳಿ ಇದೆ, ಎರಡು ಸಾವಿರ ರೂಪಾಯಿಯ ಗಿಫ್ಟ್ ಕಾರ್ಡ್ ಸಂಖ್ಯೆ ಕೊಟ್ಟರೆ ಗುರುತು ಪರಿಶೀಲಿಸಿ ಒಂದು ಗಂಟೆಯಲ್ಲಿ ಮರಳಿಸುತ್ತೇವೆ. ಸ್ಟೀಮಿನ ಸಹಾಯ ವಿಭಾಗದವರು ಹರಟೆಯ ಕಿಟಕಿಗಳಲ್ಲಿ ಯಾರನ್ನೂ ಸಂಪರ್ಕಿಸುವುದಿಲ್ಲ. ದೂರಿನ ಉತ್ತರ ದೂರು ಕೊಟ್ಟ ತಾಣದಲ್ಲೇ ಕಾಣುತ್ತದೆ. ಮನೆ ಸುಟ್ಟವನ ಹತ್ತಿರ ಗಳ ಕೀಳಲು ಬಂದವರು ಇವರು. ಮಗನೇ ಅವರನ್ನು ತಡೆಹಿಡಿದ. ನಮಗೆ ತೋರಿಸಿಯೇ ತಡೆಹಿಡಿದ ಎಂಬುದನ್ನು ನಾವು ಗಮನಿಸಿದೆವು.

ಮಂಗಳವಾರ ಸಂಜೆ ನಾವು ಬೀಚ್ ಕಡೆಯಿಂದ ಬರುವ ಲೋಕಲ್ ರೈಲಿನಲ್ಲಿ ಪಲ್ಲಾವರಂ ದಾಟುತ್ತಿದ್ದಾಗ ಮಗನ ಕರೆ ಬಂತು. "ಅಪ್ಪಾ, ಸಿಕ್ತು." ಗದ್ದಲದಲ್ಲಿ ಕೇಳಿಸದೆ ಎರಡು ಸಲ ಹೇಳಿಸಿದೆವು.

ಸಿಕ್ಕಿದ್ದೇನು, ಹೋದದ್ದೇನು? ವ್ಯಾಲೆಟ್ಟಿನಲ್ಲಿದ್ದ ಸಾವಿರದ ಚಿಲ್ಲರೆ ರೂಪಾಯಿ ಹೋಗಿತ್ತು. ಅದನ್ನು ಕದ್ದ ಬಗೆ ನೋಡಿ. ಸ್ಟೀಮಿನ ಮಾರುಕಟ್ಟೆಯಲ್ಲಿ ಕಳ್ಳ ತನ್ನದೇ ಇನ್ನೊಂದು ಖಾತೆಯಿಂದ ಕವಡೆ ಬೆಲೆಯ ಒಂದು ಸ್ಟಿಕ್ಕರನ್ನು ಆ ಮೊತ್ತಕ್ಕೆ ಮಾರಾಟಕ್ಕಿಟ್ಟು, ಮಗನ ಖಾತೆಯಿಂದ ಕೊಂಡಿದ್ದ. ದಾಖಲೆಯಲ್ಲಿ ಅದು ಶುದ್ಧ ವ್ಯಾಪಾರ. ಆದರೆ ಸ್ಕಿನ್‌ಗಳು ಹೋಗಿರಲಿಲ್ಲ. ಅದಕ್ಕೆ ಕಾರಣ ಮಗನ ಜಾಣತನವಲ್ಲ, ಒಂದು ಹಳೆಯ ನಿಯಮ. ತಿಂಗಳಿಗೆ ಸುಮಾರು 77,000 ಖಾತೆಗಳು ಹೀಗೆ ಲೂಟಿಯಾಗುತ್ತಿವೆ ಎಂದು ವಾಲ್ವ್ ತಾನೇ 2015ರ ಡಿಸೆಂಬರಿನಲ್ಲಿ ಬರೆದುಕೊಂಡಿತ್ತು. ಆಗಿನಿಂದ, ಮೊಬೈಲಿನ ಗಾರ್ಡ್ ಇಲ್ಲದ ಅಥವಾ ಅದನ್ನು ಈಚೆಗಷ್ಟೆ ಹಾಕಿಕೊಂಡ ಖಾತೆಯಿಂದ ವಸ್ತುವನ್ನು ಬೇರೆಯವರಿಗೆ ಕೊಟ್ಟರೆ ಅದು ತಕ್ಷಣ ಹೋಗದೆ ತಡೆಯಲ್ಲಿ ನಿಲ್ಲುತ್ತದೆ. ಈಗ ಆ ತಡೆ 15 ದಿನಗಳವರೆಗೂ ಇರಬಹುದು. ಕಳ್ಳ ತನ್ನ ಮೊಬೈಲನ್ನು ಜೋಡಿಸಿ ಚಾಕುವನ್ನೂ ಎರಡು ಬಂದೂಕುಗಳನ್ನೂ ದಾಟಿಸಲು ಒಪ್ಪಂದ ಹಾಕಿ ದಿನ ಎಣಿಸುತ್ತಿದ್ದ. ನಾವು ಬಂದು ಆ ಒಪ್ಪಂದವನ್ನು ರದ್ದು ಮಾಡಿದೆವು. ಒಮ್ಮೆ ದಾಟಿಹೋದ ವಸ್ತುವನ್ನು ಸ್ಟೀಮ್ ಸಾಮಾನ್ಯವಾಗಿ ತಂದುಕೊಡುವುದಿಲ್ಲ. 2025ರಿಂದ ಕೌಂಟರ್‌ಸ್ಟ್ರೈಕ್ 2ರ ವಸ್ತುಗಳಿಗೆ ಮಾತ್ರ 7 ದಿನಗಳೊಳಗೆ ವಿನಿಮಯವನ್ನು ಹಿಂದಕ್ಕೆ ತಿರುಗಿಸುವ ಅವಕಾಶ ಬಂದಿದೆ.

ಮಗನಿಗೆ ಇದೆಲ್ಲಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಕಳ್ಳ ಆ ಖಾತೆಯಿಂದ ಮೋಸದ ತಂತ್ರಾಂಶ ಹಾಕಿ ಆಡಿದ್ದರೆ ವ್ಯಾಕ್ ಎಂಬ ನಿಷೇಧ ಬೀಳುತ್ತದೆ. ಅದು ಕಾಯಂ, ಆಡಿದವನು ನಾನಲ್ಲ ಎಂದರೂ ತೆಗೆಯುವುದಿಲ್ಲ. ಅವನ ಪುಟದಲ್ಲಿ ಆ ಕೆಂಪು ಸಾಲು ಎಲ್ಲರಿಗೂ ಕಾಣುವಂತೆ ಉಳಿದುಬಿಡುತ್ತದೆ. ಪುಟ ತೆರೆಯುವಾಗ ಅವನ ಕೈ ನಡುಗುತ್ತಿತ್ತು. ಅಂಥ ಸಾಲು ಇರಲಿಲ್ಲ.

ಖಾತೆ ಮರಳಿದ ಮೇಲೆ ಹಿತ್ತಿಲ ಬಾಗಿಲನ್ನೂ ನೋಡಬೇಕು. ಹೊಸ ಪಾಸ್‌ವರ್ಡ್ ಇಟ್ಟು, ಎಲ್ಲ ಸಾಧನಗಳನ್ನೂ ಹೊರಹಾಕಿದ ಮೇಲೆ steamcommunity.com/dev/apikey ಎಂಬ ಪುಟವನ್ನು ತೆರೆದೆವು. ಇದು ತಂತ್ರಾಂಶ ಬರೆಯುವವರಿಗೆಂದು ಇರುವ ಕೀಲಿಯ ಪುಟ. ಆಟವಾಡುವ ಹುಡುಗನಿಗೆ ಅದರ ಅಗತ್ಯವಿಲ್ಲ, ಆದ್ದರಿಂದ ಅದು ಖಾಲಿ ಇರಬೇಕು. ಕಳ್ಳ ಅಲ್ಲಿ ಒಂದು ಕೀಲಿಯನ್ನು ಮಾಡಿಟ್ಟು ಹೋಗಿದ್ದ. ಆ ಕೀಲಿ ಇರುವವರೆಗೆ ಅವನ ಯಂತ್ರ ಮಗನ ವಿನಿಮಯಗಳನ್ನು ದೂರದಿಂದಲೇ ನೋಡುತ್ತಿರುತ್ತದೆ. ಮುಂದೆಂದೋ ಮಗ ಗೆಳೆಯನಿಗೆ ಚಾಕುವನ್ನು ಕಳಿಸುವಾಗ ಆ ಒಪ್ಪಂದವನ್ನು ಕ್ಷಣದಲ್ಲಿ ರದ್ದು ಮಾಡಿ, ಗೆಳೆಯನ ಹೆಸರು ಮತ್ತು ಚಿತ್ರವನ್ನೇ ಹೊತ್ತ ನಕಲಿ ಖಾತೆಯಿಂದ ಇನ್ನೊಂದನ್ನು ಮುಂದಿಡುತ್ತದೆ. ಮಗ ಒಪ್ಪಿಗೆ ಒತ್ತಿದರೆ ವಸ್ತು ಹೋಯಿತು. ಕೀಲಿಯನ್ನು ರದ್ದು ಮಾಡಿದೆವು. ಮಗನ ಕಂಪ್ಯೂಟರನ್ನೂ ವೈರಸ್ ಪರೀಕ್ಷೆಗೆ ಒಳಪಡಿಸಿದ ಮೇಲೆಯೇ ಅವನು ಅದರಿಂದ ಒಳಬಂದ. ಹಣ ಹೋದದ್ದಕ್ಕೆ cybercrime.gov.in ತಾಣದಲ್ಲಿ ದೂರು ದಾಖಲಿಸಿದೆವು; ಬ್ಯಾಂಕಿನ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕಿತ್ತು.

ಕೊನೆಗೆ ಮೊಬೈಲಿನ ಗಾರ್ಡ್ ಹಾಕಿದೆವು. ಸ್ಟೀಮಿನ ಮೊಬೈಲ್ ಆ್ಯಪ್ 30 ಸೆಕೆಂಡಿಗೊಂದು ಐದಕ್ಷರದ ಸಂಕೇತವನ್ನು ತಾನೇ ಹುಟ್ಟಿಸುತ್ತದೆ. ಅದು ಈಮೇಲಿನಲ್ಲಿ ಬರುವುದಿಲ್ಲ, ಎಸ್ಸೆಮ್ಮೆಸ್ಸಿನಲ್ಲೂ ಇಲ್ಲ. ಗಾರ್ಡ್ ಹಾಕುವ ದಿನ ಫೋನಿಗೂ ಸ್ಟೀಮಿಗೂ ಒಂದು ಗುಟ್ಟು ಹಂಚಿಕೆಯಾಗಿರುತ್ತದೆ. ಆ ಗುಟ್ಟನ್ನೂ ಆ ಹೊತ್ತಿನ ಗಡಿಯಾರವನ್ನೂ ಕೂಡಿಸಿ ಎರಡೂ ಕಡೆ ಬೇರೆಬೇರೆಯಾಗಿ ಲೆಕ್ಕ ಹಾಕಿದರೆ ಒಂದೇ ಉತ್ತರ ಬರುತ್ತದೆ. ಆದ್ದರಿಂದ ಫೋನಿನ ಗಡಿಯಾರ ತಪ್ಪಿದರೆ ಸಂಕೇತವೂ ತಪ್ಪುತ್ತದೆ. ಭಾಷೆಯ ಹುಚ್ಚಿರುವ ನಮಗೆ ಹಿಡಿಸಿದ ಒಂದು ಸಂಗತಿ, ಆ ಐದಕ್ಷರಗಳಲ್ಲಿ ಇಂಗ್ಲಿಷಿನ ಐದು ಸ್ವರಗಳು ಎಂದೂ ಬರುವುದಿಲ್ಲ. ಸೊನ್ನೆ, ಒಂದು ಕೂಡ ಬರುವುದಿಲ್ಲ. ಒಂದಕ್ಕೊಂದು ಹೋಲುವ ರೂಪಗಳನ್ನು ಬಿಟ್ಟು 26 ಚಿಹ್ನೆಗಳನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಅಷ್ಟರಿಂದಲೇ ಒಂದು ಕೋಟಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಸಂಕೇತಗಳು ಹುಟ್ಟುತ್ತವೆ.

ಇದು ಇದ್ದಿದ್ದರೆ ಆ ಶುಕ್ರವಾರ ಮಗ ಉಳಿಯುತ್ತಿದ್ದನೆ? ಪೂರ್ತಿಯಾಗಿ ಇಲ್ಲ. ನಕಲಿ ಪುಟದಲ್ಲಿ ಈ ಸಂಕೇತವನ್ನು ಬರೆದರೂ ಅದನ್ನು 30 ಸೆಕೆಂಡಿನೊಳಗೆ ದಾಟಿಸಬಲ್ಲ ಯಂತ್ರ ಅವರದು. ಕ್ಯೂಆರ್ ಚಿತ್ರ ತೋರಿಸಿ ಸ್ಕ್ಯಾನ್ ಮಾಡಿಸುವವರೂ ಇದ್ದಾರೆ. ಆಗ ನಾವು ನಮ್ಮ ಫೋನಿನಿಂದಲೇ ಕಳ್ಳನಿಗೆ ಬಾಗಿಲು ತೆರೆದಂತೆ. ಆದರೆ ಒಳಬಂದ ಕಳ್ಳ ವಸ್ತುವನ್ನು ಸಾಗಿಸಬೇಕಾದರೆ ಫೋನಿನಲ್ಲಿ ಇನ್ನೊಮ್ಮೆ ಒಪ್ಪಿಗೆ ಒತ್ತಬೇಕು. ಆ ಫೋನು ಮಗನ ಜೇಬಿನಲ್ಲಿದೆ. ಯಾವ ವಸ್ತು ಯಾರಿಗೆ ಹೋಗುತ್ತಿದೆ ಎಂದು ಅದರಲ್ಲಿ ಬರೆದಿರುತ್ತದೆ. ಓದದೆ ಒತ್ತುವವನಿಗೆ ಇದರಿಂದಲೂ ಪ್ರಯೋಜನವಿಲ್ಲ. ಪಾಸ್‌ವರ್ಡ್ ಸೋರಿಹೋದ, ಒಂದೇ ಪಾಸ್‌ವರ್ಡನ್ನು ಎರಡು ಕಡೆ ಇಟ್ಟ, ಈಮೇಲ್ ಕೈತಪ್ಪಿದ ಸಂದರ್ಭಗಳಲ್ಲಿ ಮಾತ್ರ ಇದು ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಈ ಮೂರರಲ್ಲಿ ಮೂರೂ ಆಗಿದ್ದವು.

ಗಾರ್ಡ್ ಹಾಕುವಾಗ ಪರದೆಯ ಮೇಲೆ R ಅಕ್ಷರದಿಂದ ಆರಂಭವಾಗುವ ಒಂದು ಮರುಪಡೆವ ಸಂಕೇತ ಮೂಡುತ್ತದೆ. ಫೋನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಳೆದುಹೋದರೆ ಹೊಸ ಫೋನಿಗೆ ಬೀಗವನ್ನು ಸಾಗಿಸಲು ಬೇಕಾದದ್ದು ಅದೇ. ಮಗ ಅದರ ಚಿತ್ರ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಲು ಹೊರಟ. ಫೋನು ಕಳೆದಾಗ ಬೇಕಾಗುವ ಕೀಲಿಯನ್ನು ಫೋನಿನಲ್ಲೇ ಇಡುವುದೆ? ಮನೆಯ ಕಾಗದಪತ್ರಗಳಿರುವ ಕಡತವನ್ನು ತೆಗೆದು, ತಾಯ್ ಪತ್ತಿರದ ನಕಲಿನ ಹಿಂದೆ ಒಂದು ಹಾಳೆ ಸೇರಿಸಿ ಅವನ ಕೈಯಲ್ಲೇ ಬರೆಸಿದೆವು: ಒಳಬರುವ ಹೆಸರು, 17 ಅಂಕಿಯ ಸಂಖ್ಯೆ, ಮೊದಲ ಈಮೇಲ್, ಮೊದಲ ರಸೀದಿ, R ಸಂಕೇತ. ಪಾಸ್‌ವರ್ಡ್ ಬರೆಯಿಸಲಿಲ್ಲ.

ಮುಂದಿನ ಶನಿವಾರ ರಾತ್ರಿ ಹಜಾರದಲ್ಲಿ ನಾವು ಪತ್ರಿಕೆ ಓದುತ್ತಿದ್ದೆವು. ಕೋಣೆಯಿಂದ ಆಟದ ಸದ್ದು ಬರುತ್ತಿರಲಿಲ್ಲ. ಮಗ ಶಿವಮೊಗ್ಗದ ಕಡೆಗೆ ಮಾತನಾಡುತ್ತಿದ್ದ, ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ.

"ಅಣ್ಣಾ, ಆರ್ ಇಂದ ಶುರುವಾಗೋದು ಬಂತಾ? ನಂಗೆ ಹೇಳ್ಬೇಡ, ಓದ್ಬೇಡ. ಸ್ಕ್ರೀನ್‌ಶಾಟ್ ಬೇಡ ಕಣೋ. ಅತ್ತೆ ಹತ್ರ ಒಂದು ನೋಟ್‌ಬುಕ್ ಇಸ್ಕೊ. ನಾನು ಕಾಯ್ತೀನಿ."